ದಿನಕ್ಕೆ 90%, ಮಧ್ಯಾಹ್ನ ಒಂದಕ್ಕೆ 64%: ಕರೆ ವರದಿಯನ್ನು ಗಂಟೆವಾರು ಓದುವ ಬಗೆ

ಪ್ರಶ್ನೆ: ಮಡಿಕೇರಿಯಲ್ಲಿ ಹೋಮ್‌ಸ್ಟೇಗಳ ಬುಕಿಂಗ್ ಕಚೇರಿ ನಡೆಸುತ್ತಿದ್ದೇವೆ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಫೋನ್ ಇರುತ್ತದೆ. ಸಂಜೆ 7ರವರೆಗೆ ಐದು ಜನ, ಆಮೇಲೆ ಇಬ್ಬರು. ಆಸ್ಟರಿಸ್ಕ್ ಎಕ್ಸ್‌ಚೇಂಜ್, ಎಂಟು ಚಾನೆಲ್. ದಿನದ ವರದಿಯಲ್ಲಿ 90% ಕರೆ ಎತ್ತಿದ್ದೇವೆ, ಸರಾಸರಿ ಕಾಯುವಿಕೆ 38 ಸೆಕೆಂಡ್ ಎಂದು ಬರುತ್ತದೆ. ಆದರೆ ಹೋಮ್‌ಸ್ಟೇ ಮಾಲೀಕರೆಲ್ಲ "ನಿಮ್ಮ ನಂಬರ್ ಸಿಗುವುದೇ ಇಲ್ಲ ಅಂತ ಗೆಸ್ಟ್‌ಗಳು ಹೇಳ್ತಾರೆ" ಎಂದು ಜಗಳಕ್ಕೆ ಬರುತ್ತಾರೆ. ವರದಿ ತಪ್ಪೋ, ಅವರು ಹೇಳುವುದು ತಪ್ಪೋ? ಒಂದು ಶುಕ್ರವಾರದ ಪೂರ್ತಿ ಲಾಗ್ ಕಳಿಸಿದ್ದೇನೆ.

ಉತ್ತರ: ಎರಡೂ ಸರಿ. ನಿಮ್ಮ ವರದಿಯ ಲೆಕ್ಕದಲ್ಲಿ ತಪ್ಪಿಲ್ಲ, ಮಾಲೀಕರ ದೂರಿನಲ್ಲೂ ಸುಳ್ಳಿಲ್ಲ. ನೀವು ಕಳಿಸಿದ ಶುಕ್ರವಾರ ಒಟ್ಟು 420 ಕರೆ ಬಂದಿವೆ. 378 ಎತ್ತಿದ್ದೀರಿ, 42 ಬಿಟ್ಟುಹೋಗಿವೆ. 378 ಭಾಗಿಸು 420, ಸರಿಯಾಗಿ 90%. ಅದೇ ಲಾಗ್ ಅನ್ನು ಗಂಟೆಗೊಂದರಂತೆ ಬಿಡಿಸಿಟ್ಟರೆ ಹೀಗೆ ಕಾಣುತ್ತದೆ:

| ಗಂಟೆ | ಬಂದವು | ಎತ್ತಿದವು | ಬಿಟ್ಟುಹೋದವು |
|---|---|---|---|
| ಬೆ. 9–10 | 24 | 24 | 0 |
| 10–11 | 46 | 44 | 2 |
| 11–12 | 50 | 47 | 3 |
| ಮ. 12–1 | 38 | 37 | 1 |
| 1–2 | 44 | 28 | 16 |
| 2–3 | 30 | 29 | 1 |
| 3–4 | 28 | 28 | 0 |
| 4–5 | 30 | 30 | 0 |
| 5–6 | 32 | 31 | 1 |
| ಸಂ. 6–7 | 34 | 33 | 1 |
| 7–8 | 40 | 27 | 13 |
| ರಾ. 8–9 | 24 | 20 | 4 |

ಮಧ್ಯಾಹ್ನ 1, ಸಂಜೆ 7, ರಾತ್ರಿ 8. ಈ ಮೂರು ಗಂಟೆಗಳಲ್ಲಿ ಬಂದದ್ದು ದಿನದ ಕಾಲು ಭಾಗ ಕರೆ, ಅಂದರೆ 108. ಆದರೆ ಬಿಟ್ಟುಹೋದ 42 ಕರೆಗಳಲ್ಲಿ 33 ಈ ಮೂರು ಗಂಟೆಗಳವೇ. ಉಳಿದ ಒಂಬತ್ತು ಗಂಟೆಗಳಲ್ಲಿ ನಿಮ್ಮವರು 97% ಕರೆ ಎತ್ತಿದ್ದಾರೆ. ಅಷ್ಟು ಚೆನ್ನಾಗಿ ಎತ್ತುವ ಕಚೇರಿಗಳು ಹೆಚ್ಚಿಲ್ಲ. ಮಧ್ಯಾಹ್ನ ಒಂದರ ಅಂಕಿ ಮಾತ್ರ 64%, ಸಂಜೆ ಏಳರದ್ದು 67.5%. ಅಂದರೆ 90% ಎನ್ನುವ ಅನುಭವ ನಿಮಗೆ ಫೋನ್ ಮಾಡಿದ ಯಾರಿಗೂ ಆಗಿಲ್ಲ. ಬೆಳಿಗ್ಗೆ ಮಾಡಿದವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿದ್ದೀರಿ, ಊಟದ ಹೊತ್ತಿಗೆ ಮಾಡಿದವರಲ್ಲಿ ಮೂವರಿಗೊಬ್ಬರು ಕಾದು ಕಾದು ಫೋನ್ ಇಟ್ಟಿದ್ದಾರೆ.

ಆ ಹೊತ್ತಿಗೇ ಯಾಕೆ ಎನ್ನುವುದೂ ಕಷ್ಟದ ಪ್ರಶ್ನೆಯಲ್ಲ. ನಿಮ್ಮ ಗೆಸ್ಟ್‌ಗಳು ಬೆಂಗಳೂರು, ಮೈಸೂರಿನ ಕೆಲಸಗಾರರು. ವಾರಾಂತ್ಯಕ್ಕೆ ರೂಮ್ ಇದೆಯಾ ಎಂದು ಕೇಳಲು ಅವರಿಗೆ ಬಿಡುವು ಸಿಗುವುದು ಆಫೀಸಿನ ಊಟದ ಹೊತ್ತಿನಲ್ಲಿ, ಇಲ್ಲವೇ ಮನೆಗೆ ಬಂದ ಮೇಲೆ ಸಂಜೆ ಏಳು ಗಂಟೆಗೆ. ನಿಮ್ಮವರೂ ಊಟಕ್ಕೆ ಏಳುವುದು ಒಂದು ಗಂಟೆಗೇ, ಮನೆಗೆ ಹೊರಡುವುದು ಏಳಕ್ಕೇ. ಲಾಗ್‌ನಲ್ಲಿ 1ರಿಂದ 2ರವರೆಗೆ ಕರೆ ಎತ್ತಿದ್ದು ಎರಡೇ ಎಕ್ಸ್‌ಟೆನ್ಷನ್‌ಗಳು. ಉಳಿದ ಮೂವರು ಒಟ್ಟಿಗೇ ಊಟಕ್ಕೆ ಹೋಗಿದ್ದಾರೆ.

ಇಲ್ಲಿ ಲಾಗ್‌ನ ಇನ್ನೊಂದು ಸಾಲು ನೋಡಿ. ಆ ಒಂದು ಗಂಟೆಯಲ್ಲಿ `RINGNOANSWER` ಎಂಬ ನಮೂದು ಮತ್ತೆ ಮತ್ತೆ ಬಂದಿದೆ, ಅದೂ ಊಟಕ್ಕೆ ಹೋದ ಮೂವರ ಎಕ್ಸ್‌ಟೆನ್ಷನ್‌ಗಳ ಮೇಲೆ. ಅವರು ಎದ್ದು ಹೋಗುವಾಗ ಕ್ಯೂನಲ್ಲಿ ತಮ್ಮನ್ನು ಪಾಜ್‌ಗೆ, ಅಂದರೆ ಸದ್ಯಕ್ಕೆ ಕರೆ ಕಳಿಸಬೇಡ ಎನ್ನುವ ಸ್ಥಿತಿಗೆ ಹಾಕಿಕೊಂಡಿಲ್ಲ. ಎಕ್ಸ್‌ಚೇಂಜ್‌ಗೆ ಅವರು ಕುರ್ಚಿಯಲ್ಲೇ ಇದ್ದಾರೆ ಎಂದೇ ಲೆಕ್ಕ. ಹಾಗಾಗಿ ಕರೆಯನ್ನು ಮೊದಲು ಖಾಲಿ ಮೇಜಿನ ಫೋನಿಗೆ ಕಳಿಸುತ್ತದೆ, ಅದು ಸುಮ್ಮನೆ ಹೊಡೆದುಕೊಳ್ಳುತ್ತದೆ, ನಿಗದಿಯಾದ ಸೆಕೆಂಡುಗಳು ಮುಗಿದ ಮೇಲೆ ಮುಂದಿನ ಫೋನಿಗೆ ಹೋಗುತ್ತದೆ, ಅದೂ ಖಾಲಿಯಾಗಿದ್ದರೆ ಮತ್ತೆ ಅದೇ ಕತೆ. ಇರುವ ಇಬ್ಬರಲ್ಲಿ ಒಬ್ಬರು ಬಿಡುವಾಗಿದ್ದರೂ ಕರೆ ಅವರನ್ನು ತಲುಪುವುದು ತಡವಾಗುತ್ತದೆ. ಊಟಕ್ಕೆ ಏಳುವ ಮುಂಚೆ ಪಾಜ್ ಒತ್ತುವುದನ್ನು ಇವತ್ತೇ ಕಡ್ಡಾಯ ಮಾಡಿ. ಇದಕ್ಕೆ ಕಾಸು ಖರ್ಚಿಲ್ಲ.

ಈಗ ಈ ಪಟ್ಟಿಯನ್ನು ನೀವೇ ಪ್ರತಿವಾರ ತಯಾರಿಸುವ ಬಗೆ ಹೇಳುತ್ತೇನೆ, ಏಕೆಂದರೆ ಮೂಲದಲ್ಲೇ ಎಡವಿ ಬೀಳುವ ಗುಂಡಿಯೊಂದಿದೆ. ಆಸ್ಟರಿಸ್ಕ್‌ನಲ್ಲಿ ಎರಡು ದಾಖಲೆ ಇರುತ್ತವೆ. ಒಂದು ಸಿಡಿಆರ್, ಅಂದರೆ ಎಲ್ಲ ಕರೆಗಳ ವಿವರದ ದಾಖಲೆ, ಇನ್ನೊಂದು ಕಾಯುವ ಸಾಲಿನ ದಾಖಲೆಯಾದ `queue_log`. ಸಿಡಿಆರ್‌ನಲ್ಲಿ `ANSWERED` ಎಂದಿದ್ದರೆ ಮನುಷ್ಯರು ಎತ್ತಿದ್ದಾರೆ ಎಂದೇ ಅರ್ಥವಲ್ಲ. "ನಮಸ್ಕಾರ, ಕನ್ನಡಕ್ಕಾಗಿ ಒಂದು ಒತ್ತಿ" ಎನ್ನುವ ಧ್ವನಿಮುದ್ರಣ ಎತ್ತಿಕೊಂಡರೂ ಅದು `ANSWERED` ಆಗಿಬಿಡುತ್ತದೆ. ಆಮೇಲೆ ಆ ವ್ಯಕ್ತಿ ಮೂರು ನಿಮಿಷ ಸಂಗೀತ ಕೇಳಿ ಬೇಸತ್ತು ಇಟ್ಟರೂ ಸಿಡಿಆರ್ ಪ್ರಕಾರ ಅದು ಎತ್ತಿದ ಕರೆಯೇ. ಸಿಡಿಆರ್‌ನಿಂದ ವರದಿ ಮಾಡುವ ಕಚೇರಿಗೆ 99% ಬರುವುದು ಹೀಗೆ. ನಿಮ್ಮ ವರದಿ ಪುಣ್ಯಕ್ಕೆ `queue_log`ನಿಂದಲೇ ಬರುತ್ತಿದೆ. ಅದರಲ್ಲಿ ಕರೆ ಸಾಲಿಗೆ ಸೇರಿದಾಗ `ENTERQUEUE`, ಏಜೆಂಟ್ ಎತ್ತಿದಾಗ `CONNECT`, ಕಾಯುವವರು ಇಟ್ಟಾಗ `ABANDON` ಎಂದು ಬರುತ್ತದೆ. ಕಾಯುವ ಗರಿಷ್ಠ ಸಮಯ ಮೀರಿ ಕರೆ ಸಾಲಿನಿಂದ ಹೊರಬಿದ್ದರೆ `EXITWITHTIMEOUT`. ನಿಮ್ಮಲ್ಲಿ ಅಂಥದ್ದು ಆ ದಿನ ಇಲ್ಲ. ಇದ್ದಿದ್ದರೆ ಅದನ್ನೂ ಬಿಟ್ಟುಹೋದ ಕರೆಯ ಜೊತೆಗೇ ಎಣಿಸಬೇಕಿತ್ತು, ಫೋನ್ ಮಾಡಿದವರ ಪಾಲಿಗೆ ಎರಡೂ ಒಂದೇ.

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕರೆಗೆ ಒಂದೇ ಸಾಲು ಇರಲಿ. E ಕಾಲಂನಲ್ಲಿ ಕರೆ ಕೊನೆಗೆ ಏನಾಯಿತು, W ಕಾಲಂನಲ್ಲಿ ಎಷ್ಟು ಸೆಕೆಂಡ್ ಕಾದರು, H ಕಾಲಂನಲ್ಲಿ ಸಾಲಿಗೆ ಸೇರಿದ ಗಂಟೆ, 24 ಗಂಟೆಯ ಲೆಕ್ಕದಲ್ಲಿ. ಮಧ್ಯಾಹ್ನ ಒಂದು ಗಂಟೆಗೆ ಸೂತ್ರಗಳು ಇಷ್ಟೇ:

```
=COUNTIFS(H:H,13)
=COUNTIFS(H:H,13,E:E,"CONNECT")
=COUNTIFS(H:H,13,E:E,"ABANDON")
=AVERAGEIFS(W:W,H:H,13,E:E,"CONNECT")
```

ಸಾಲಿಗೆ ಸೇರಿದ ಗಂಟೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 1 ಗಂಟೆ 58 ನಿಮಿಷಕ್ಕೆ ಬಂದ ಕರೆಯನ್ನು 2 ಗಂಟೆ 1 ನಿಮಿಷಕ್ಕೆ ಎತ್ತಿದರು ಎಂದುಕೊಳ್ಳಿ. ಕೆಲವು ಸಾಫ್ಟ್‌ವೇರ್‌ಗಳು ಬಂದದ್ದನ್ನು ಒಂದರ ಲೆಕ್ಕಕ್ಕೂ ಎತ್ತಿದ್ದನ್ನು ಎರಡರ ಲೆಕ್ಕಕ್ಕೂ ಹಾಕುತ್ತವೆ. ಆಗ ಒಂದು ಗಂಟೆಯ ಅಂಕಿ ಇರುವುದಕ್ಕಿಂತ ಕೆಟ್ಟದಾಗಿಯೂ ಎರಡರ ಅಂಕಿ ಇರುವುದಕ್ಕಿಂತ ಒಳ್ಳೆಯದಾಗಿಯೂ ಕಾಣುತ್ತದೆ, ಕೆಲವೊಮ್ಮೆ 104% ಎಂದು ಬಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಪ್ರತಿ ಗಂಟೆಯ ಸಾಲಿನಲ್ಲೂ ಎತ್ತಿದ್ದು ಮತ್ತು ಬಿಟ್ಟುಹೋದದ್ದು ಕೂಡಿದರೆ ಬಂದದ್ದಕ್ಕೆ ಸಮನಾಗಬೇಕು. ಆಗದಿದ್ದರೆ ಮುಂದಿನ ಯಾವ ಅಂಕಿಯನ್ನೂ ನೋಡುವ ಮುಂಚೆ ಅದನ್ನು ಸರಿಪಡಿಸಿ. ಮೇಲಿನ ಪಟ್ಟಿಯ ಹನ್ನೆರಡೂ ಸಾಲುಗಳನ್ನು ಕೂಡಿ ನೋಡಿದ್ದೇನೆ, ತಾಳೆಯಾಗುತ್ತವೆ.

ವಾರದ ವರದಿ ಮಾಡುವಾಗ ಶೇಕಡಾಗಳನ್ನು ಕೂಡಿ ಭಾಗಿಸಬೇಡಿ. ಒಂದು ಗಂಟೆಯಲ್ಲಿ 5 ಕರೆ ಬಂದು ಐದನ್ನೂ ಎತ್ತಿದಿರಿ, 100%. ಇನ್ನೊಂದರಲ್ಲಿ 45 ಬಂದು 27 ಎತ್ತಿದಿರಿ, 60%. ಶೇಕಡಾಗಳ ಸರಾಸರಿ 80. ಆದರೆ ಬಂದ 50 ಕರೆಯಲ್ಲಿ ನೀವು ಎತ್ತಿದ್ದು 32, ಅಂದರೆ 64%. ಯಾವಾಗಲೂ ಕರೆಗಳನ್ನು ಕೂಡಿ, ಭಾಗಾಕಾರ ಕೊನೆಯಲ್ಲಿ ಒಂದೇ ಸಲ. ಕಾಯುವ ಸಮಯಕ್ಕೂ ಇದೇ ನಿಯಮ. ಸೆಕೆಂಡುಗಳನ್ನೆಲ್ಲ ಕೂಡಿ ಕರೆಗಳ ಸಂಖ್ಯೆಯಿಂದ ಭಾಗಿಸಬೇಕು.

ಕಾಯುವ ಸಮಯದ ವಿಷಯಕ್ಕೆ ಬರೋಣ. ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ನಿಮ್ಮ 38 ಸೆಕೆಂಡ್ ಎನ್ನುವುದು ಎತ್ತಿದ 378 ಕರೆಗಳ ಸರಾಸರಿ. ಒಳ್ಳೆಯ ಒಂಬತ್ತು ಗಂಟೆಗಳಲ್ಲಿ ಜನ ಸರಾಸರಿ 15 ಸೆಕೆಂಡ್ ಕಾದಿದ್ದಾರೆ. ಮಧ್ಯಾಹ್ನ ಒಂದಕ್ಕೆ 150 ಸೆಕೆಂಡ್, ಸಂಜೆ ಏಳಕ್ಕೆ 140, ಎಂಟಕ್ಕೆ 90. ಒಳ್ಳೆಯ ಗಂಟೆಗಳ ಕರೆಗಳೇ 303 ಇರುವುದರಿಂದ ಅವು ಭಾರಿಯಾಗಿ ನಿಂತು ಎರಡೂವರೆ ನಿಮಿಷವನ್ನು ಮುಚ್ಚಿಹಾಕುತ್ತವೆ.

ಗಂಟೆವಾರು ಬಿಡಿಸಿದ ಮೇಲೂ ಒಂದು ಎಚ್ಚರ ಬೇಕು. ಆ 150 ಸೆಕೆಂಡ್ ಕೂಡ ಕೊನೆಗೆ ಏಜೆಂಟ್ ಸಿಕ್ಕ 28 ಜನರದ್ದು ಮಾತ್ರ. ಬಿಟ್ಟುಹೋದ 16 ಕರೆಗಳ ಕಾಯುವಿಕೆ ಅದರಲ್ಲಿ ಸೇರಿಲ್ಲ. ಅವರೂ ಸರಾಸರಿ 105 ಸೆಕೆಂಡ್ ಕಾದಿದ್ದಾರೆ. ಇದರ ಅಡ್ಡಪರಿಣಾಮ ಏನೆಂದರೆ, ಸಾಲು ಉದ್ದವಾದಷ್ಟೂ ಜನ ಬೇಗ ಬಿಟ್ಟುಹೋಗಿ ಸಾಲು ತಾನೇ ಮೊಟಕಾಗುತ್ತದೆ. ಇಬ್ಬರ ಜಾಗದಲ್ಲಿ ಒಬ್ಬರನ್ನೇ ಕೂರಿಸಿದರೆ ಬಿಟ್ಟುಹೋಗುವವರು ಹೆಚ್ಚುತ್ತಾರೆ, ಆದರೆ ಎತ್ತಿದ ಕರೆಗಳ ಸರಾಸರಿ ಕಾಯುವಿಕೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಕಾಯುವಿಕೆಯ ಅಂಕಿಯೊಂದನ್ನೇ ನೋಡುವ ಮ್ಯಾನೇಜರ್‌ಗೆ ಪರಿಸ್ಥಿತಿ ಎಷ್ಟು ಹದಗೆಟ್ಟಿದೆ ಎಂದು ತಿಳಿಯುವುದೇ ಇಲ್ಲ. ಹಾಗಾಗಿ ಎತ್ತಿದ ಕರೆಗಳ ಕಾಯುವಿಕೆಯ ಪಕ್ಕದಲ್ಲೇ ಬಿಟ್ಟುಹೋದವರ ಕಾಯುವಿಕೆ ಮತ್ತು ಆ ಗಂಟೆಯ ಅತಿ ದೀರ್ಘ ಕಾಯುವಿಕೆ, ಈ ಎರಡೂ ಇರಬೇಕು.

"105 ಸೆಕೆಂಡಿಗೆ ಇಡ್ತಾರೆ, ಅಂದ್ರೆ ನಮ್ಮ ಗೆಸ್ಟ್‌ಗಳ ತಾಳ್ಮೆ ಒಂದೂಮುಕ್ಕಾಲು ನಿಮಿಷ" ಎಂದು ತೀರ್ಮಾನಿಸುವುದೂ ತಪ್ಪು. ಅದಕ್ಕಿಂತ ಹೆಚ್ಚು ತಾಳ್ಮೆ ಇದ್ದವರಿಗೆ ಅಷ್ಟರಲ್ಲಿ ಏಜೆಂಟ್ ಸಿಕ್ಕಿಬಿಟ್ಟಿರುತ್ತಾರೆ, ಅವರ ತಾಳ್ಮೆ ಎಲ್ಲಿಯವರೆಗಿತ್ತು ಎಂದು ಲಾಗ್‌ನಲ್ಲಿ ಬರುವುದಿಲ್ಲ. ಸರಿಯಾದ ಅಂದಾಜಿಗೆ ಎಲ್ಲರೂ ಕಾದ ಒಟ್ಟು ಸಮಯವನ್ನು ಬಿಟ್ಟುಹೋದವರ ಸಂಖ್ಯೆಯಿಂದ ಭಾಗಿಸುತ್ತಾರೆ. 28 ಜನ 150 ಸೆಕೆಂಡಿನಂತೆ 4200, 16 ಕರೆ 105ರಂತೆ 1680, ಒಟ್ಟು 5880 ಸೆಕೆಂಡ್. ಅದನ್ನು 16ರಿಂದ ಭಾಗಿಸಿದರೆ 367, ಅಂದರೆ ಆರು ನಿಮಿಷ. ನಿಮ್ಮ ಗೆಸ್ಟ್‌ಗಳು ಅವಸರದವರಲ್ಲ, ಸಾಕಷ್ಟು ಕಾಯುತ್ತಾರೆ. ಅಂಥವರು ಬಿಟ್ಟುಹೋಗುತ್ತಿದ್ದಾರೆ ಎಂದರೆ ಕಾರಣ ಆ ಗಂಟೆಯಲ್ಲಿ ನಿಮ್ಮ ಕಡೆ ಜನ ಕಡಿಮೆ ಇರುವುದೇ.

ನಿಮ್ಮ ಧ್ವನಿಮುದ್ರಣದ ಉದ್ದವನ್ನೂ ಒಮ್ಮೆ ಗಡಿಯಾರ ಹಿಡಿದು ನೋಡಿ. ಸಾಲಿನ ಗಡಿಯಾರ ಶುರುವಾಗುವುದು ಅದು ಮುಗಿದ ಮೇಲೆ. ಸ್ವಾಗತ, ಭಾಷೆಯ ಆಯ್ಕೆ, ವೆಬ್‌ಸೈಟ್ ಜಾಹೀರಾತು ಎಲ್ಲ ಸೇರಿ ಅರ್ಧ ನಿಮಿಷವಾದರೆ, ಫೋನ್ ಮಾಡಿದವರು ಕಾದದ್ದು ನಿಮ್ಮ ಅಂಕಿಗಿಂತ ಅರ್ಧ ನಿಮಿಷ ಜಾಸ್ತಿ. ಧ್ವನಿಮುದ್ರಣದ ನಡುವೆ ಇಟ್ಟವರು ಯಾವ ಕಾಲಂನಲ್ಲೂ ಬರುವುದಿಲ್ಲ.

ಸಾಲಿಗೆ ಬಂದ ಐದು ಹತ್ತು ಸೆಕೆಂಡಿನಲ್ಲೇ ಇಟ್ಟ ಕರೆಗಳನ್ನು ಬಿಟ್ಟುಹೋದ ಲೆಕ್ಕದಿಂದ ತೆಗೆಯುವುದು ಈ ಉದ್ಯಮದ ರೂಢಿ. ತಪ್ಪು ನಂಬರ್ ಒತ್ತಿದವರು, ಮನಸ್ಸು ಬದಲಿಸಿದವರು ಇರುತ್ತಾರೆ ಎನ್ನುವುದು ಕಾರಣ. ತೆಗೆಯಬಹುದು, ಆದರೆ ತೆಗೆದದ್ದು ಎಷ್ಟು ಎಂದು ವರದಿಯಲ್ಲೇ ಬರೆಯಿರಿ, ಮತ್ತು ಮಿತಿಯನ್ನು ತಿಂಗಳಿಗೊಮ್ಮೆ ಬದಲಾಯಿಸಬೇಡಿ. ಹತ್ತು ಸೆಕೆಂಡಿನ ಮಿತಿಯನ್ನು ಮೂವತ್ತಕ್ಕೆ ಏರಿಸಿ ಅಂಕಿ ಸುಧಾರಿಸಿಕೊಂಡ ಕಚೇರಿಗಳನ್ನು ಕಂಡಿದ್ದೇನೆ. ಅಲ್ಲಿ ಫೋನ್ ಮಾಡಿದವರಿಗೆ ಏನೂ ಸುಧಾರಿಸಿರಲಿಲ್ಲ.

ಇನ್ನು ನಿಮ್ಮ ನಿರ್ಧಾರವನ್ನೇ ಬದಲಿಸಬಲ್ಲ ವಿಷಯ. 44 ಕರೆ ಎಂದರೆ 44 ಜನರಲ್ಲ. ಆ ಗಂಟೆಯಲ್ಲಿ ಒಂದು ನಂಬರ್ ಎಷ್ಟು ಸಲ ಬಂದಿದ್ದರೂ ಒಂದೇ ಎಂದು ಎಣಿಸಿದೆ. 36 ನಂಬರ್‌ಗಳು. ಅವುಗಳಲ್ಲಿ 28 ಜನರಿಗೆ ಆ ಗಂಟೆಯಲ್ಲೇ ಏಜೆಂಟ್ ಸಿಕ್ಕಿದ್ದಾರೆ, ಅವರಲ್ಲಿ ನಾಲ್ವರಿಗೆ ಎರಡನೆಯ ಪ್ರಯತ್ನದಲ್ಲಿ. ಉಳಿದ ಎಂಟು ಜನ ಸೇರಿ ಹನ್ನೆರಡು ಸಲ ಮಾಡಿದ್ದಾರೆ, ಒಂದು ಸಲವೂ ಸಿಕ್ಕಿಲ್ಲ. ಈ ಎಂಟರಲ್ಲಿ ಐವರು ಸಂಜೆಯೊಳಗೆ ಮತ್ತೆ ಮಾಡಿ ಮಾತಾಡಿದ್ದಾರೆ. ಮೂರು ನಂಬರ್‌ಗಳು ಆ ದಿನ ಮತ್ತೆ ಕಾಣಲೇ ಇಲ್ಲ, ನಿಮ್ಮ ಕಡೆಯಿಂದಲೂ ಆ ನಂಬರ್‌ಗಳಿಗೆ ಕರೆ ಹೋಗಿಲ್ಲ.

ಕರೆಗಳ ಲೆಕ್ಕದಲ್ಲಿ 64%, ಜನರ ಲೆಕ್ಕದಲ್ಲಿ 36ರಲ್ಲಿ 28, ಅಂದರೆ 78%. ಎರಡೂ ನಿಜ, ಎರಡೂ ಬೇರೆ ಬೇರೆ ಕೆಲಸಕ್ಕೆ. ಗೆಸ್ಟ್‌ಗಳಿಗೆ ಎಷ್ಟು ತೊಂದರೆಯಾಯಿತು ಎನ್ನುವುದಕ್ಕೆ ಮೊದಲನೆಯದು. ಎಷ್ಟು ಜನ ಏಜೆಂಟರು ಬೇಕು ಎಂದು ಲೆಕ್ಕ ಹಾಕಲು ಎರಡನೆಯದು, ಏಕೆಂದರೆ ಮೊದಲ ಸಲವೇ ಎತ್ತಿದ್ದರೆ ಆ ಎಂಟು ಮರುಕರೆಗಳು ಬರುತ್ತಲೇ ಇರಲಿಲ್ಲ. 44 ಎಂದು ಲೆಕ್ಕ ಹಾಕಿದರೆ ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಕೇಳುತ್ತೀರಿ.

ಎಷ್ಟು ಏಜೆಂಟರು ಬೇಕು ಎನ್ನುವ ಲೆಕ್ಕಕ್ಕೆ ಇಂದಿಗೂ ಬಳಸುವುದು ಡೆನ್ಮಾರ್ಕ್‌ನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರವನ್ನೇ. ಎರ್ಲಾಂಗ್ ಸಿ ಎಂದು ಹುಡುಕಿದರೆ ಉಚಿತ ಕ್ಯಾಲ್ಕುಲೇಟರ್‌ಗಳು ಸಿಗುತ್ತವೆ. ಕೊಡಬೇಕಾದ್ದು ಮೂರೇ ಅಂಕಿ: ಗಂಟೆಗೆ ಎಷ್ಟು ಕರೆ, ಒಂದು ಕರೆಗೆ ಎಷ್ಟು ಹೊತ್ತು, ಎಷ್ಟು ಜನ. ನಿಮ್ಮಲ್ಲಿ ಒಂದು ಕರೆ ಮುಗಿಯಲು ಸರಾಸರಿ 4 ನಿಮಿಷ ಹಿಡಿಯುತ್ತದೆ. ಮಾತು ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸುವುದು, ಅಡ್ವಾನ್ಸ್‌ನ ವಿವರ ಬರೆದುಕೊಳ್ಳುವುದು ಎಲ್ಲವೂ ಈ ನಾಲ್ಕರೊಳಗೆ ಸೇರಿವೆ. ಮಾತಿನ ಸಮಯ ಮಾತ್ರ ಹಾಕಿದರೆ ಲೆಕ್ಕ ಹುಸಿಯಾಗುತ್ತದೆ.

36 ಕರೆ, ತಲಾ 4 ನಿಮಿಷ, ಒಟ್ಟು 144 ನಿಮಿಷದ ಕೆಲಸ. ಇಬ್ಬರ ಬಳಿ ಗಂಟೆಗೆ ಇರುವುದೇ 120 ನಿಮಿಷ, ಅವರು ಒಂದು ಲೋಟ ನೀರು ಕುಡಿಯಲೂ ಏಳದಿದ್ದರೆ. ಮುಗಿಯುವ ಮಾತೇ ಅಲ್ಲ, ಜನ ಬಿಟ್ಟುಹೋಗಲೇಬೇಕು. ಮೂವರಿದ್ದರೆ 180 ನಿಮಿಷ, ಮೇಲ್ನೋಟಕ್ಕೆ ಸಾಕು ಅನ್ನಿಸುತ್ತದೆ. ಆದರೆ ಸೂತ್ರ ಹೇಳುವ ಸರಾಸರಿ ಕಾಯುವಿಕೆ ನಾಲ್ಕು ನಿಮಿಷಕ್ಕೂ ಹೆಚ್ಚು. ಕರೆಗಳು ಸಾಲಾಗಿ ಒಂದಾದ ಮೇಲೆ ಒಂದು ಬರುವುದಿಲ್ಲ, ಗುಂಪಾಗಿ ಬರುತ್ತವೆ. ಐದು ನಿಮಿಷ ಸುಮ್ಮನಿದ್ದು ಒಟ್ಟಿಗೆ ಆರು ಹೊಡೆದುಕೊಳ್ಳುತ್ತವೆ, ಸುಮ್ಮನೆ ಹೋದ ನಿಮಿಷಗಳು ಮತ್ತೆ ಸಿಗುವುದಿಲ್ಲ. ನಾಲ್ವರಾದರೆ ಕಾಯುವಿಕೆ ಸುಮಾರು 43 ಸೆಕೆಂಡಿಗೆ ಇಳಿಯುತ್ತದೆ. ಒಬ್ಬರೇ ಒಬ್ಬರು ಹೆಚ್ಚಾದದ್ದಕ್ಕೆ ನಾಲ್ಕು ನಿಮಿಷ ಮುಕ್ಕಾಲು ನಿಮಿಷವಾಗುತ್ತದೆ.

ಈ ಸೂತ್ರಕ್ಕೆ ಒಂದು ಮಿತಿ ಇದೆ. ಫೋನ್ ಮಾಡಿದವರು ಯಾರೂ ಇಟ್ಟುಬಿಡುವುದಿಲ್ಲ ಎಂದು ಅದು ಭಾವಿಸುತ್ತದೆ. ಹಾಗಾಗಿ ಏಜೆಂಟರು ಕಡಿಮೆ ಇರುವಾಗ ಅದು ಹೇಳುವ ಕಾಯುವಿಕೆ ನಿಜಕ್ಕಿಂತ ಹೆಚ್ಚಿರುತ್ತದೆ. ನಾಲ್ಕು ನಿಮಿಷ ಎನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ, ಮೂವರಿಗೂ ನಾಲ್ವರಿಗೂ ಇರುವ ಅಂತರವನ್ನು ನೋಡಿ.

ಹೊಸಬರನ್ನು ತೆಗೆದುಕೊಳ್ಳದೆಯೇ ನಾಲ್ವರು ಸಿಗುತ್ತಾರೆ. ಊಟವನ್ನು 12ರಿಂದ 2:30ರವರೆಗೆ ಅರ್ಧರ್ಧ ಗಂಟೆಯಂತೆ ಒಬ್ಬೊಬ್ಬರಾಗಿ ಮುಗಿಸಿದರೆ ಯಾವ ಹೊತ್ತಿನಲ್ಲೂ ನಾಲ್ವರು ಫೋನಿನ ಮುಂದೆ ಇರುತ್ತಾರೆ. ಇದಕ್ಕೆ ಬೆಲೆಯೂ ಇದೆ. ಈಗ ಐವರಿರುವ 12ರಿಂದ 1ರ ಗಂಟೆಯಲ್ಲಿ 38 ಕರೆಗೆ ನಾಲ್ವರಾಗುತ್ತಾರೆ, ಅಲ್ಲಿ ಕಾಯುವಿಕೆ ಹದಿನೈದು ಸೆಕೆಂಡಿನ ಆಸುಪಾಸಿನಿಂದ ಒಂದು ನಿಮಿಷದ ಹತ್ತಿರಕ್ಕೆ ಹೋಗುತ್ತದೆ. ನನ್ನ ಪ್ರಕಾರ ಒಪ್ಪಬಹುದಾದ ಬೆಲೆ. ಒಬ್ಬೊಬ್ಬರೇ ಊಟ ಮಾಡುವುದು ನಿಮ್ಮ ಹುಡುಗ ಹುಡುಗಿಯರಿಗೆ ಇಷ್ಟವಾಗದಿರಬಹುದು, ಅದು ಸಣ್ಣ ವಿಷಯವೂ ಅಲ್ಲ. ಹಾಗಿದ್ದರೆ ವಾರದ ದಟ್ಟಣೆಯ ದಿನಗಳಿಗೆ, ಅಂದರೆ ಗುರುವಾರ ಶುಕ್ರವಾರಕ್ಕೆ ಮಾತ್ರ ಈ ಏರ್ಪಾಡು ಮಾಡಿ.

ಸಂಜೆ ಏಳರದ್ದು ಇಷ್ಟು ಸುಲಭವಲ್ಲ. ಆ ಗಂಟೆಯ 40 ಕರೆ 33 ನಂಬರ್‌ಗಳಿಂದ ಬಂದಿವೆ. ಮೂವರಿದ್ದರೆ ಸೂತ್ರದ ಪ್ರಕಾರ ಎರಡೂಮುಕ್ಕಾಲು ನಿಮಿಷ, ನಾಲ್ವರಿದ್ದರೆ ಅರ್ಧ ನಿಮಿಷ. ಹಗಲು ಪಾಳಿಯ ಇಬ್ಬರು 9ರ ಬದಲು 10ಕ್ಕೆ ಬಂದು 8ರವರೆಗೆ ಇದ್ದರೆ ಏಳರ ಗಂಟೆಗೆ ನಾಲ್ವರಾಗುತ್ತಾರೆ. ಬೆಳಿಗ್ಗೆ 9ಕ್ಕೆ ಮೂವರು ಉಳಿಯುತ್ತಾರೆ, ಆಗ ಬರುವ 24 ಕರೆಗಳು ಸರಾಸರಿ ಮುಕ್ಕಾಲು ನಿಮಿಷ ಕಾಯಬೇಕಾಗುತ್ತದೆ. ಅಂಕಿಯ ಮೇಲೆ ಇದು ಸಲೀಸು, ಆದರೆ ಮಳೆಗಾಲದ ರಾತ್ರಿ ಎಂಟು ಗಂಟೆಗೆ ಮಡಿಕೇರಿಯಿಂದ ಮನೆಗೆ ಹೋಗುವುದು ಹೇಗೆ ಎನ್ನುವುದಕ್ಕೆ ಸ್ಪ್ರೆಡ್‌ಶೀಟ್‌ನಲ್ಲಿ ಉತ್ತರವಿಲ್ಲ. ಸುಂಟಿಕೊಪ್ಪ, ಮೂರ್ನಾಡು ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಗಾಡಿ ಕೊಡಲು ಆಗದಿದ್ದರೆ ಈ ಬದಲಾವಣೆ ಮಾಡಬೇಡಿ. ಬದಲಿಗೆ, ಸಾಲಿನಲ್ಲಿ ಒಂದು ನಿಮಿಷ ಕಾದವರಿಗೆ "ಒಂದು ಒತ್ತಿ, ನಾಳೆ ಬೆಳಿಗ್ಗೆ ಹತ್ತರೊಳಗೆ ನಾವೇ ಮಾಡುತ್ತೇವೆ" ಎನ್ನುವ ಅವಕಾಶ ಕೊಡಿ. ಬೆಳಿಗ್ಗೆ 9ಕ್ಕೆ ನಿಮ್ಮಲ್ಲಿ ಐವರಿದ್ದು ಕರೆ 24 ಮಾತ್ರ. ವಾಪಸ್ ಫೋನ್ ಮಾಡಲು ಅದೇ ಸರಿಯಾದ ಹೊತ್ತು. ಆದರೆ ಹೇಳಿದ ಮೇಲೆ ಮಾಡಲೇಬೇಕು. ಮಾಡಿದ್ದು ಎಷ್ಟು, ಮಾಡದೆ ಉಳಿದದ್ದು ಎಷ್ಟು ಎನ್ನುವುದು ಮರುದಿನದ ವರದಿಯಲ್ಲಿ ಬರಲಿ.

ಇದನ್ನೆಲ್ಲ ಒಂದು ಶುಕ್ರವಾರ ನೋಡಿಯೇ ಜಾರಿ ಮಾಡಬೇಡಿ. ರಾತ್ರಿ ಎಂಟರ ಗಂಟೆಯನ್ನೇ ತೆಗೆದುಕೊಳ್ಳಿ. 24ರಲ್ಲಿ 4 ಬಿಟ್ಟುಹೋಗಿ 83% ಆಗಿದೆ. ಒಂದೇ ಒಂದು ಕರೆ ಅತ್ತಿತ್ತ ಆದರೆ ಈ ಅಂಕಿ ನಾಲ್ಕು ಪಾಯಿಂಟ್ ಜಿಗಿಯುತ್ತದೆ. ನಾಲ್ಕು ಶುಕ್ರವಾರಗಳ ಎಂಟರ ಗಂಟೆಯನ್ನು ಕೂಡಿದರೆ ನೂರರ ಹತ್ತಿರ ಕರೆ ಸಿಗುತ್ತವೆ, ಆಗ ಮಾತಾಡಬಹುದು. ಶುಕ್ರವಾರವನ್ನು ಶುಕ್ರವಾರಗಳ ಜೊತೆಗೇ ಕೂಡಿ. ಮಂಗಳವಾರದ ಜೊತೆ ಸೇರಿಸಿದರೆ ದಿನದ ಸರಾಸರಿ ಮಾಡಿದ ತಪ್ಪನ್ನೇ ವಾರದ ಸರಾಸರಿ ಮಾಡುತ್ತದೆ. ಉದ್ದನೆಯ ವಾರಾಂತ್ಯಕ್ಕೆ ಮುಂಚಿನ ದಿನಗಳು, ಅಕ್ಟೋಬರ್ ಮಧ್ಯದ ತಲಕಾವೇರಿಯ ತೀರ್ಥೋದ್ಭವದ ಆಸುಪಾಸು, ಪುತ್ತರಿ ಹಬ್ಬಕ್ಕೆ ಸಿಬ್ಬಂದಿ ಅರ್ಧಕ್ಕರ್ಧ ರಜೆ ಹೋಗುವ ದಿನ, ಇವನ್ನು ಪಟ್ಟಿಯಿಂದ ಬೇರೆ ತೆಗೆದಿಡಿ. ಮಾಮೂಲಿ ದಿನದ ಪಾಳಿ ಹಾಕಲು ಅವು ನೆರವಾಗುವುದಿಲ್ಲ, ಮುಂದಿನ ವರ್ಷ ಅದೇ ದಿನಕ್ಕೆ ಸಿದ್ಧವಾಗಲು ಮಾತ್ರ ಬೇಕಾಗುತ್ತವೆ.

ಕೊನೆಯದಾಗಿ, "ಸಿಗುವುದೇ ಇಲ್ಲ" ಎಂದವರಲ್ಲಿ ಕೆಲವರ ಕರೆ ನಿಮ್ಮ ಲಾಗ್‌ಗೆ ಬಂದೇ ಇಲ್ಲದಿರಬಹುದು. ಎಂಟು ಚಾನೆಲ್ ಎಂದರೆ ಮಾತಾಡುವವರು ಮತ್ತು ಕಾಯುವವರು ಸೇರಿ ಎಂಟೇ ಜನ. ಬೆಳಿಗ್ಗೆ 11ಕ್ಕೆ ಐವರು ಮಾತಾಡುತ್ತಿರುವಾಗ ಮೂವರು ಮಾತ್ರ ಕಾಯಬಲ್ಲರು. ಒಂಬತ್ತನೆಯವರಿಗೆ ಎಂಗೇಜ್ ಟೋನ್, ನಿಮ್ಮ ವರದಿಯಲ್ಲಿ ಅವರ ಸುಳಿವೂ ಇಲ್ಲ. ಎಕ್ಸ್‌ಚೇಂಜ್‌ಗೆ ತಲುಪದ ಕರೆಗಳ ಲೆಕ್ಕ ಇರುವುದು ನಿಮಗೆ ಲೈನ್ ಕೊಟ್ಟ ಕಂಪನಿಯ ಬಳಿ. ಚಾನೆಲ್ ಭರ್ತಿಯಾಗಿ ವಾಪಸಾದ ಕರೆಗಳ ಗಂಟೆವಾರು ಪಟ್ಟಿಯನ್ನು ಅವರಿಂದ ಕೇಳಿ ಪಡೆಯಿರಿ.

ಜುಲೈ, ಆಗಸ್ಟ್‌ನಲ್ಲಿ ಇದು ಇನ್ನೂ ಮುಖ್ಯ. ಮರ ಬಿದ್ದು ಕರೆಂಟ್ ಹೋದಾಗ, ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿದೆಯಂತೆ ಎಂದು ಬುಕಿಂಗ್ ರದ್ದು ಮಾಡಲು ಎಲ್ಲರೂ ಒಟ್ಟಿಗೆ ಫೋನ್ ಮಾಡಿದಾಗ, ನಿಮ್ಮ ಇಂಟರ್ನೆಟ್ ಲೈನೂ ಹೋಗಿದ್ದರೆ ಆ ಗಂಟೆಯಲ್ಲಿ ಬಂದದ್ದು 3, ಎತ್ತಿದ್ದು 3, 100% ಎಂದು ವರದಿ ಬರುತ್ತದೆ. ಮಾಮೂಲಿಯಾಗಿ 40 ಕರೆ ಬರುವ ಗಂಟೆಯಲ್ಲಿ ಮೂರೇ ಬಂದಿದ್ದರೆ ಆ 100% ಅನ್ನು ಅಳಿಸಿ, ಆ ಖಾನೆಯಲ್ಲಿ "ಲೈನ್ ಇರಲಿಲ್ಲ" ಎಂದು ಬರೆಯಿರಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎನ್ನುವುದನ್ನೂ ಸೇರಿಸಿ.